ಅರವತ್ತು ಸನ್ನೆ ಕಲಿತ ಕ್ಲಾಸು ಅವಳ ಜೊತೆ ಯಾಕೆ ಮಾತಾಡಲಿಲ್ಲ: ಒಂದು ಪ್ರಕರಣ

ನಾನು ನಾಲ್ಕನೇ ಕ್ಲಾಸಿನ ಟೀಚರ್. ಆ ವರ್ಷ ನನ್ನ ಕ್ಲಾಸಲ್ಲಿ 35 ಮಕ್ಕಳಿದ್ದರು. 34 ಮಕ್ಕಳಿಗೆ ಕಿವಿ ಕೇಳುತ್ತಿತ್ತು, ಒಬ್ಬಳಿಗೆ ಇಲ್ಲ. ಅವಳ ನಿಜವಾದ ಹೆಸರು ಇಲ್ಲಿ ಬೇಡ. ಸನ್ನೆ ಭಾಷೆಯಲ್ಲಿ ಅವಳಿಗೆ ಬೇರೆಯದೇ ಒಂದು ಹೆಸರಿದೆ, ತೋರುಬೆರಳನ್ನು ಕೆನ್ನೆಯ ಗುಳಿ ಬೀಳುವ ಜಾಗಕ್ಕೆ ಎರಡು ಸಲ ತಾಗಿಸಿದರೆ ಅವಳು. ಹಾಗಾಗಿ ಇಲ್ಲಿ ಅವಳನ್ನು ಗುಳಿ ಅಂತಲೇ ಕರೆಯುತ್ತೇನೆ.

ಗುಳಿಗೆ ಆಗ 9 ವರ್ಷ. ಅದಕ್ಕೂ ಮೊದಲು ಕಿವುಡು ಮಕ್ಕಳ ಶಾಲೆಯಲ್ಲಿದ್ದಳು, ಅಲ್ಲಿ ಸಣ್ಣ ವಯಸ್ಸಿನಿಂದಲೇ ಸನ್ನೆ ಭಾಷೆ ಕಲಿತಿದ್ದಳು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಅವಳಿಗೆ ಭಾಷೆಯ ಕೊರತೆ ಇರಲಿಲ್ಲ. ಕಥೆ ಹೇಳುತ್ತಿದ್ದಳು, ಜಗಳ ಆಡುತ್ತಿದ್ದಳು, ಜೋಕ್ ಮಾಡುತ್ತಿದ್ದಳು. ಆ ಭಾಷೆ ನಮ್ಮ ಕ್ಲಾಸಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅಷ್ಟೇ.

ಕಿವಿಗೆ ಮೆಷಿನ್ ಹಾಕುತ್ತಿದ್ದಳು. ಮಕ್ಕಳು ಅದನ್ನು ನೋಡಿ, ಹತ್ತಿರ ಹೋಗಿ ಜೋರಾಗಿ ಕೂಗಿದರೆ ಕೇಳಿಸುತ್ತೆ ಅಂದುಕೊಂಡರು. ಬಾಗಿಲು ಧಡ್ ಎಂದರೆ, ಹಾರ್ನ್ ಹೊಡೆದರೆ ಅವಳಿಗೆ ಗೊತ್ತಾಗುತ್ತಿತ್ತು. ಮಾತು ಮಾತಾಗಿ ಕೇಳುತ್ತಿರಲಿಲ್ಲ. ಶಬ್ದ ಬಂತು ಅನ್ನುವುದು ಬೇರೆ, ಏನಂದರು ಎಂದು ತಿಳಿಯುವುದು ಬೇರೆ. ಕೂಗಿದಾಗ ಬಾಯಿಯ ಆಕಾರವೂ ಕೆಡುತ್ತದೆ, ತುಟಿ ನೋಡಿ ಊಹಿಸುವ ಅಲ್ಪ ಸ್ವಲ್ಪ ಅವಕಾಶವೂ ಹೋಗುತ್ತದೆ.

ತುಟಿ ಓದುವುದು ಎಷ್ಟು ಕಷ್ಟ ಎಂದು ಮಕ್ಕಳಿಗೆ ತೋರಿಸಲು ನಾನು ಒಂದು ಸಣ್ಣ ಕೆಲಸ ಮಾಡಿದೆ. ಸದ್ದಿಲ್ಲದೆ, ಬರೀ ತುಟಿ ಆಡಿಸಿ ‘ಬರ’, ‘ಮರ’, ‘ಪರ’ ಎಂದು ಮೂರು ಪದ ಹೇಳಿದೆ. ಯಾವುದು ಯಾವುದು ಅಂತ ಬರೆಯಿರಿ ಅಂದೆ. ಒಬ್ಬರಿಗೂ ಆಗಲಿಲ್ಲ, ಯಾಕೆಂದರೆ ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕ, ಗ ಅಂತೂ ಬಾಯಿಯ ಹಿಂಭಾಗದಲ್ಲಿ ಹುಟ್ಟುವ ಅಕ್ಷರಗಳು, ಹೊರಗೆ ಕಾಣುವುದೇ ಇಲ್ಲ. ನೀವೂ ಕನ್ನಡಿ ಮುಂದೆ ನಿಂತು ನೋಡಿ. ಇದಾದ ಮೇಲೆ ಕೂಗುವುದು ಕಮ್ಮಿಯಾಯಿತು. ಆ ವರ್ಷದ ಮೊದಲ ಎರಡು ತಿಂಗಳಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಬಹುಶಃ ಇದೊಂದೇ.

ಮೊದಲ ಆರು ವಾರ

ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ವಾರಕ್ಕೊಂದು ಪಿರಿಯಡ್, ಒಂದು ಚಾರ್ಟು, ಹತ್ತು ಪದ. ಮೊದಲ ವಾರ ಬೆರಳಕ್ಷರ, ಅಂದರೆ ಎ, ಬಿ, ಸಿ, ಡಿ ಗಳನ್ನು ಕೈಯಲ್ಲಿ ತೋರಿಸುವುದು. ಆಮೇಲೆ ಬಣ್ಣಗಳು, ಪ್ರಾಣಿಗಳು, ಮನೆಯವರು, ವಾರದ ದಿನಗಳು.

ಬೆರಳಕ್ಷರದಲ್ಲೇ ಮುಗ್ಗರಿಸಿದೆ. ಫೋನಲ್ಲಿ ಹುಡುಕಿ ಸಿಕ್ಕ ಮೊದಲ ಚಾರ್ಟನ್ನೇ ಗೋಡೆಗೆ ಅಂಟಿಸಿದ್ದೆ. ಮಕ್ಕಳು ಎರಡು ದಿನದಲ್ಲಿ ಬಾಯಿಪಾಠ ಮಾಡಿದ ಹಾಗೆ ಕೈಪಾಠ ಮಾಡಿಕೊಂಡು ಗುಳಿಯ ಮುಂದೆ ನಿಂತು ತಮ್ಮ ಹೆಸರು ತೋರಿಸಿದರೆ, ಅವಳು ಸುಮ್ನೆ ನೋಡುತ್ತಿದ್ದಳು. ಆ ಚಾರ್ಟು ಅಮೆರಿಕದ್ದು. ಅದರಲ್ಲಿ ಎಲ್ಲ ಅಕ್ಷರಗಳೂ ಒಂದೇ ಕೈಯಲ್ಲಿ. ಗುಳಿಗೆ ಬರುತ್ತಿದ್ದದ್ದು ಎರಡು ಕೈಯ ಬೆರಳಕ್ಷರ. ಬ್ರಿಟಿಷ್ ಸನ್ನೆ ಭಾಷೆಯಲ್ಲೂ ಭಾರತೀಯ ಸನ್ನೆ ಭಾಷೆಯಲ್ಲೂ ಎರಡು ಕೈ ಬಳಸುತ್ತಾರೆ.

ಸನ್ನೆ ಭಾಷೆ ಪ್ರಪಂಚಕ್ಕೆಲ್ಲ ಒಂದೇ ಅಂತ ನಾನೂ ನಂಬಿದ್ದೆ. ಹಾಗಿಲ್ಲ. ಇಂಗ್ಲೆಂಡು, ಅಮೆರಿಕ ಎರಡೂ ಕಡೆ ಬಾಯಲ್ಲಿ ಆಡುವುದು ಇಂಗ್ಲಿಷೇ, ಆದರೆ ಅಲ್ಲಿನ ಕಿವುಡರ ಸನ್ನೆ ಭಾಷೆಗಳು ಒಂದಕ್ಕೊಂದು ಅರ್ಥವಾಗುವುದಿಲ್ಲ. ಅಮೆರಿಕದ ಸನ್ನೆ ಭಾಷೆಗೆ ಹತ್ತಿರದ ನೆಂಟ ಫ್ರೆಂಚ್ ಸನ್ನೆ ಭಾಷೆ. ಲೊರಾಂ ಕ್ಲೆರ್ ಎಂಬ ಫ್ರಾನ್ಸಿನ ಕಿವುಡು ಮೇಷ್ಟ್ರು ಅಮೆರಿಕಕ್ಕೆ ಹೋಗಿ, ಥಾಮಸ್ ಗ್ಯಾಲಡೆಟ್ ಜೊತೆ ಸೇರಿ 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಕಿವುಡರ ಶಾಲೆ ಶುರುಮಾಡಿದ್ದರಿಂದ ಹೀಗಾಯಿತು. ಹಾಗಾಗಿ ಚಾರ್ಟು, ವಿಡಿಯೋ ಯಾವುದೇ ಆಗಲಿ, ಅದು ಯಾವ ಸನ್ನೆ ಭಾಷೆಯದು ಎಂದು ಮೊದಲು ನೋಡಬೇಕು. ಅದಕ್ಕಿಂತ ಸುಲಭದ ದಾರಿ, ಆ ಮಗುವಿಗೇ ತೋರಿಸಿ ‘ಇದು ನಿನ್ನದಾ?’ ಎಂದು ಕೇಳುವುದು. ನನಗೆ ಅದು ಹೊಳೆಯಲೇ ಇಲ್ಲ.

ಚಾರ್ಟು ಬದಲಾಯಿಸಿದೆ. ಮಕ್ಕಳು ಮತ್ತೆ ಕಲಿತರು. ಆರು ವಾರ ಆದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದರೆ ಹೆಚ್ಚಿನವರಿಗೆ ಅರವತ್ತು ಸನ್ನೆ ಹತ್ತಿರ ಹತ್ತಿರ ಬರುತ್ತಿತ್ತು. ನಾನು ಖುಷಿಯಾದೆ. ಮುಖ್ಯ ಶಿಕ್ಷಕರಿಗೂ ಹೇಳಿಕೊಂಡೆ.

ಆದರೆ ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪಾಠ ಶುರುಮಾಡುವ ಮುಂಚಿನ ವಾರ, ಐದು ದಿನ, ಇಂಟರ್ವಲ್‌ನ 15 ನಿಮಿಷ ವರಾಂಡದಲ್ಲಿ ನಿಂತು ಬರೆದುಕೊಂಡಿದ್ದೆ: ಗುಳಿಯ ಜೊತೆ ಯಾರು ಮಾತು ಶುರುಮಾಡಿದರು, ಆ ಮಾತು ಎಷ್ಟು ಸಲ ಆ ಕಡೆ ಈ ಕಡೆ ಹೋಗಿ ಬಂತು. ಆ ವಾರ ಒಟ್ಟು 11 ಸಲ ಯಾರಾದರೂ ಶುರುಮಾಡಿದ್ದರು. ಹೆಚ್ಚಿನವು ‘ಬಾ’, ‘ಕೊಡು’, ‘ಬೆಲ್ ಆಯ್ತು’ ಥರದ್ದು. ಆರು ವಾರದ ನಂತರ ಮತ್ತೆ ಅದೇ ರೀತಿ ಎಣಿಸಿದೆ. 26 ಸಲ! ಮೊದಲು ನೋಡಿದಾಗ ಎರಡು ಪಟ್ಟಿಗಿಂತ ಜಾಸ್ತಿ ಅಲ್ವಾ? ಪಕ್ಕದ ಕಾಲಂ ನೋಡಿದರೆ, ಒಂದೆರಡು ಬಿಟ್ಟು ಎಲ್ಲವೂ ಎರಡನೇ ಮಾತಿಗೇ ನಿಂತಿದ್ದವು. ಒಬ್ಬ ಹುಡುಗ ಆ ಒಂದೇ ವಾರದಲ್ಲಿ ಅವಳನ್ನು ಮೂರು ಸಲ ‘ನಿನ್ನ ಹೆಸರೇನು?’ ಎಂದು ಕೇಳಿದ್ದ. ಅವಳ ಹೆಸರು ಅವನಿಗೆ ಗೊತ್ತಿತ್ತು. ಅವನಿಗೆ ಬರುತ್ತಿದ್ದ ವಾಕ್ಯ ಅದೊಂದೇ. ಮೂರನೇ ಸಲ ಅವಳು ಉತ್ತರ ಕೊಡದೆ ಎದ್ದು ಹೋದಳು.

ಇನ್ನೊಂದು ಹುಡುಗಿ ಬಂದು ‘ಕೆಂಪು’ ಅಂದಳು. ಗುಳಿ ಸುತ್ತ ನೋಡಿದಳು, ಏನು ಕೆಂಪು? ಏನೂ ಇಲ್ಲ. ಆ ಹುಡುಗಿ ನಕ್ಕು ಓಡಿಹೋದಳು. ಅವಳಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ನಾನು ಕೊಟ್ಟಿದ್ದು ಪದಗಳ ಪಟ್ಟಿ, ಪಟ್ಟಿ ಹಿಡಿದುಕೊಂಡು ಯಾರಾದರೂ ಮಾತಾಡುತ್ತಾರಾ?

ಸದ್ದಿಲ್ಲದ ಹತ್ತು ನಿಮಿಷ

ಗುಳಿಯ ಹಳೇ ಶಾಲೆಯವರನ್ನು ಕೇಳಿದಾಗ ಒಬ್ಬ ಕಿವುಡು ಟೀಚರ್ ವಾರಕ್ಕೆ ಎರಡು ದಿನ ಬರಲು ಒಪ್ಪಿದರು. ಉಳಿದ ಮೂರು ದಿನ ನಾನು. ವಾರಕ್ಕೊಂದು ಪಿರಿಯಡ್ ತೆಗೆದು, ದಿನಾ ಇಂಟರ್ವಲ್‌ಗೆ ಮುಂಚಿನ ಹತ್ತು ನಿಮಿಷ ಮಾಡಿದೆವು. ಇಂಟರ್ವಲ್‌ಗೆ ಮುಂಚೆಯೇ ಯಾಕೆ ಅಂದರೆ, ಕಲಿತದ್ದು ಕೈಯಲ್ಲಿ ಬಿಸಿ ಇರುವಾಗಲೇ ಬಯಲಿಗೆ ಹೋಗಬೇಕು ಅಂತ. ಆ ಹತ್ತು ನಿಮಿಷ ಯಾರೂ ಬಾಯಿ ಬಿಡುವಂತಿಲ್ಲ, ನಾನೂ ಸೇರಿ.

ಈ ಬಾಯಿ ಮುಚ್ಚುವ ನಿಯಮ ಶಿಸ್ತಿಗಾಗಿ ಅಲ್ಲ. ಕಿವಿ ಕೇಳುವವರು ಮಾತಾಡುತ್ತಾ ಸನ್ನೆ ಮಾಡಿದರೆ ಕೈ ಬಾಯಿಯ ಹಿಂದೆ ಓಡುತ್ತದೆ. ವಾಕ್ಯ ಕನ್ನಡದ್ದಾಗಿರುತ್ತದೆ, ಅದರಲ್ಲಿ ಅಲ್ಲೊಂದು ಇಲ್ಲೊಂದು ಸನ್ನೆ ಉದುರಿರುತ್ತದೆ. ಆಡುವವನಿಗೆ ತಾನು ಪೂರ್ತಿ ಹೇಳಿದೆ ಅನ್ನಿಸುತ್ತದೆ, ಯಾಕೆಂದರೆ ಅವನ ಕಿವಿಗೆ ಪೂರ್ತಿ ವಾಕ್ಯ ಕೇಳಿದೆ. ನೋಡುವವಳಿಗೆ ತಲುಪಿದ್ದು ಎರಡು ಪದ. ಬಾಯಿ ಮುಚ್ಚಿದರೆ ಈ ಮೋಸ ತಕ್ಷಣ ಬಯಲಾಗುತ್ತದೆ.

ಮೊದಲ ದಿನ ಆ ಟೀಚರ್ ಬಂದು ಬೋರ್ಡ್ ಕಡೆ ತಿರುಗಿ ನಿಂತರು, ಅಷ್ಟೇ. ಮಕ್ಕಳು ಕಾದರು. ಒಬ್ಬ ‘ಮಿಸ್’ ಅಂದ, ನಿಯಮ ಮರೆತು. ಅವರು ತಿರುಗಲಿಲ್ಲ. ತಿರುಗುವುದಾದರೂ ಹೇಗೆ? ಒಬ್ಬ ಚಪ್ಪಾಳೆ ಹೊಡೆದ. ಇನ್ನೊಬ್ಬಳು ಪೇಪರ್ ಉಂಡೆ ಎಸೆದಳು. ಕೊನೆಗೆ ಗುಳಿಯೇ ಎದ್ದು ಹೋಗಿ ಅವರ ಭುಜವನ್ನು ಎರಡು ಸಲ ಮೆತ್ತಗೆ ತಟ್ಟಿದಳು. ಅವರು ತಿರುಗಿ ನಕ್ಕರು. ಅದೇ ಮೊದಲ ಪಾಠ. ಆ ವಾರ ಪೂರ್ತಿ ಅದೊಂದೇ ಪಾಠ.

ಗಮನ ಸೆಳೆಯುವುದಕ್ಕೆ ಒಂದು ಪದ್ಧತಿ ಇದೆ, ಕಿವುಡರು ತಮ್ಮತಮ್ಮಲ್ಲಿ ಬಳಸುವಂಥದ್ದು. ಹತ್ತಿರ ಇದ್ದರೆ ಭುಜ ಅಥವಾ ಮೇಲ್ತೋಳನ್ನು ಒಂದೆರಡು ಸಲ ತಟ್ಟಬೇಕು, ಕಾಣುವ ಕಡೆಯಿಂದ. ಸ್ವಲ್ಪ ದೂರ ಇದ್ದರೆ ಅವರ ಕಣ್ಣಿನ ಅಂಚಿಗೆ ಕಾಣುವಂತೆ ಕೈ ಬೀಸಬೇಕು, ಮುಖದ ಮುಂದೆ ತಂದು ಆಡಿಸಬಾರದು. ಗುಂಪನ್ನೇ ಕರೆಯಬೇಕಾದರೆ ಲೈಟ್ ಸ್ವಿಚ್ ಒಂದೆರಡು ಸಲ ಹಾಕಿ ಆರಿಸಬಹುದು. ಮೇಜು ತಟ್ಟಬಹುದು, ಅವಳ ಕೈ ಆ ಮೇಜಿನ ಮೇಲಿದ್ದರೆ. ಮರದ ನೆಲವಾದರೆ ಕಾಲು ತಟ್ಟಿದ್ದೂ ಗೊತ್ತಾಗುತ್ತದೆ, ಸಿಮೆಂಟ್ ನೆಲದಲ್ಲಿ ಪ್ರಯೋಜನವಿಲ್ಲ. ಮಕ್ಕಳು ಅದುವರೆಗೆ ಮಾಡುತ್ತಿದ್ದದ್ದು ಬೇರೆಯೇ: ಹಿಂದಿನಿಂದ ಬಂದು ತಲೆ ಮೇಲೆ ತಟ್ಟುವುದು, ಗಲ್ಲ ಹಿಡಿದು ಮುಖ ತಿರುಗಿಸುವುದು, ಜಡೆ ಎಳೆಯುವುದು. ಅವಳು ಬೆಚ್ಚಿಬೀಳುತ್ತಿದ್ದಳು, ಸಿಟ್ಟಾಗುತ್ತಿದ್ದಳು, ಮಕ್ಕಳು ‘ಅವಳಿಗೆ ಜಂಬ’ ಅಂದುಕೊಳ್ಳುತ್ತಿದ್ದರು. ಗಲ್ಲ ಹಿಡಿದು ತಿರುಗಿಸುವುದನ್ನು ನಾನೂ ಒಂದೆರಡು ಸಲ ಮಾಡಿದ್ದೆ, ಒಪ್ಪಿಕೊಳ್ಳುತ್ತೇನೆ.

ಅದರ ಹಿಂದೆಯೇ ಬಂದದ್ದು ಇನ್ನೊಂದು ನಿಯಮ. ಮಕ್ಕಳ ಬಾಯಲ್ಲಿ ಅದು ‘ಕಣ್ಣು ಬರಲಿ’ ಆಯಿತು. ಕರೆದ ಕೂಡಲೇ ಸನ್ನೆ ಶುರುಮಾಡಬಾರದು. ಅವಳ ಕಣ್ಣು ನಿನ್ನ ಮೇಲೆ ಬಂದು ನಿಲ್ಲುವ ತನಕ ಕಾಯಿ. ಅವಳು ಬೇರೆ ಕಡೆ ನೋಡಿದರೆ ನಿಲ್ಲಿಸು.

ಕೇಳಲು ಚಿಕ್ಕ ಮಾತು, ಆದರೆ ಕಿವಿ ಕೇಳುವ ಮಕ್ಕಳಿಗೆ ಇದರಷ್ಟು ಕಷ್ಟದ್ದು ಇನ್ನೊಂದಿರಲಿಲ್ಲ. ನಾವು ಬರೆಯುತ್ತಾ ಮಾತಾಡುತ್ತೇವೆ, ಚಿತ್ರ ನೋಡುತ್ತಾ ವಿವರಣೆ ಕೇಳುತ್ತೇವೆ. ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ. ಗುಳಿಗೆ ಎರಡಕ್ಕೂ ಕಣ್ಣೇ. ಪುಸ್ತಕ ನೋಡಿದರೆ ಕೈ ಕಾಣದು, ಕೈ ನೋಡಿದರೆ ಪುಸ್ತಕ ಕಾಣದು. ಗುಂಪು ಕೆಲಸದಲ್ಲಿ ಒಬ್ಬ ‘ಇಲ್ಲಿ ನೋಡು’ ಎಂದು ನಕ್ಷೆ ತೋರಿಸುತ್ತಲೇ ಇನ್ನೊಂದು ಕೈಯಲ್ಲಿ ಸನ್ನೆ ಮಾಡುತ್ತಿದ್ದ. ಅವಳು ನಕ್ಷೆ ನೋಡಿ ತಲೆ ಎತ್ತುವಷ್ಟರಲ್ಲಿ ಅವನ ಮಾತು ಮುಗಿದಿರುತ್ತಿತ್ತು. ‘ಹೇಳಿದೆನಲ್ಲ!’ ಅನ್ನುವುದು ಅವನ ದೂರು. ಹಾಗಾಗಿ ಎರಡು ಹೆಜ್ಜೆ ಮಾಡಿದೆವು: ಮೊದಲು ತೋರಿಸು, ಅವಳು ನೋಡಿ ಮುಗಿಸಲಿ, ಕಣ್ಣು ವಾಪಸ್ ಬರಲಿ, ಆಮೇಲೆ ಹೇಳು. ಪಾಠ ಮಾಡುವಾಗ ನನಗೂ ಇದೇ. ಬೋರ್ಡ್ ಮೇಲೆ ಬರೆಯುತ್ತಾ ಮಾತಾಡುವ ಹತ್ತು ವರ್ಷದ ಅಭ್ಯಾಸ ಬಿಡಿಸಿಕೊಳ್ಳಲು ಬಹಳ ದಿನ ಹಿಡಿಯಿತು.

ಕುಳಿತುಕೊಳ್ಳುವ ಜಾಗವನ್ನೂ ಬದಲಾಯಿಸಿದೆವು. ಸಾಲು ಬೆಂಚುಗಳಲ್ಲಿ ಅವಳಿಗೆ ಕಾಣುತ್ತಿದ್ದದ್ದು ಬರೀ ಬೆನ್ನುಗಳು. ಹತ್ತು ನಿಮಿಷಕ್ಕೆ ಎಲ್ಲರೂ ಅರ್ಧ ವೃತ್ತದಲ್ಲಿ ನಿಂತೆವು, ಕಿಟಕಿ ಯಾರ ಬೆನ್ನ ಹಿಂದೆಯೂ ಬರದ ಹಾಗೆ. ಬೆಳಕಿಗೆ ಬೆನ್ನು ಕೊಟ್ಟು ನಿಂತವನ ಮುಖ, ಕೈ ಎರಡೂ ಕಪ್ಪು ನೆರಳಾಗುತ್ತವೆ.

ಅರ್ಥ ಆಗಲಿಲ್ಲ ಅನ್ನುವುದಕ್ಕೆ ಪದ ಬೇಕು

ಎರಡನೇ ವಾರ ಕಲಿಸಿದ ಪದಗಳು ಐದೇ: ಮತ್ತೊಮ್ಮೆ, ನಿಧಾನ, ಅರ್ಥ ಆಗಲಿಲ್ಲ, ಏನು, ತಾಳು. ಬಣ್ಣವೂ ಇಲ್ಲ, ಪ್ರಾಣಿಯೂ ಇಲ್ಲ. ನನಗೆ ಇದು ತೀರಾ ಕಮ್ಮಿ ಅನ್ನಿಸಿತು. ಆ ಟೀಚರ್ ಬರೆದು ತೋರಿಸಿದರು: ‘ಮಾತು ಮುರಿದಾಗ ಕಟ್ಟುವ ಪದ ಇಲ್ಲದಿದ್ದರೆ ಉಳಿದ ಪದ ಎಷ್ಟಿದ್ದರೂ ಒಂದೇ.’

ನಿಜ. ನೋಟ್‌ಬುಕ್‌ನಲ್ಲಿ ಎರಡನೇ ಮಾತಿಗೇ ಸತ್ತುಹೋದ ಆ ಇಪ್ಪತ್ತಕ್ಕೂ ಹೆಚ್ಚು ಮಾತುಕತೆಗಳನ್ನು ನೆನೆಸಿಕೊಳ್ಳಿ. ಮಗು ಒಂದು ಪ್ರಶ್ನೆ ಕೇಳುತ್ತದೆ, ಗುಳಿ ಅವಳ ವೇಗದಲ್ಲಿ ಉತ್ತರ ಕೊಡುತ್ತಾಳೆ, ಮಗುವಿಗೆ ಒಂದಕ್ಷರ ತಿಳಿಯುವುದಿಲ್ಲ, ನಕ್ಕು ತಲೆಯಾಡಿಸಿ ಓಡುತ್ತದೆ. ಆ ಕಡೆಯಿಂದಲೂ ಅದೇ ಕಥೆ. ಗುಳಿಗೂ ಅರ್ಥ ಆಗದಿದ್ದಾಗ ತಲೆಯಾಡಿಸುವ ಅಭ್ಯಾಸ ಇತ್ತು. ಪ್ರತಿ ಸಲ ‘ಏನು?’ ಎಂದು ಕೇಳಿದರೆ ಎದುರಿಗಿದ್ದವರ ಮುಖದಲ್ಲಿ ಬೇಜಾರು ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು.

ತಲೆಯಾಡಿಸಿದ್ದು ನಿಜವೋ ಸುಳ್ಳೋ ಕಂಡುಹಿಡಿಯುವುದು ಹೇಗೆ? ‘ಗೊತ್ತಾಯ್ತಾ?’ ಎಂದು ಕೇಳಿದರೆ ಯಾವಾಗಲೂ ಹೌದು ಅಂತಲೇ ಬರುತ್ತದೆ. ಅದರ ಬದಲು ಹೌದು ಅಲ್ಲ ಎಂದು ಉತ್ತರಿಸಲು ಆಗದ ಪ್ರಶ್ನೆ ಕೇಳಬೇಕು: ಎಲ್ಲಿ ಸೇರೋಣ? ಯಾರ ತಂಡ? ಮಕ್ಕಳಿಗೆ ಇದನ್ನು ಆಟದಂತೆ ಕಲಿಸಿದೆವು. ಒಬ್ಬ ಒಂದು ಸಣ್ಣ ಸುದ್ದಿ ಹೇಳಬೇಕು, ಇನ್ನೊಬ್ಬ ಬೇಕೆಂದೇ ಎರಡು ಸಲ ‘ಮತ್ತೊಮ್ಮೆ’ ಕೇಳಬೇಕು, ಮೂರನೇ ಸಲ ಹೇಳುವಾಗ ಮೊದಲಿನ ಹಾಗೆಯೇ ಹೇಳದೆ ಬೇರೆ ರೀತಿಯಲ್ಲಿ ಹೇಳಬೇಕು. ತೋರಿಸು, ಗಾಳಿಯಲ್ಲಿ ಬರೆ, ನಟನೆ ಮಾಡು, ಏನಾದರೂ ಮಾಡು. ‘ಬಿಡು, ಆಮೇಲೆ ಹೇಳ್ತೀನಿ’ ಅನ್ನುವುದು ಮಾತ್ರ ಪೂರ್ತಿ ಬಂದ್. ಆಮೇಲೆ ಯಾರೂ ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಪ್ರಶ್ನೆಗೆ ಮುಖವೂ ಬೇಕು. ಅನೇಕ ಸನ್ನೆ ಭಾಷೆಗಳಲ್ಲಿ ಹೌದು ಅಲ್ಲ ಎಂಬ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ. ಅದೇ ಸನ್ನೆಯನ್ನು ಸಪ್ಪೆ ಮುಖದಲ್ಲಿ ಮಾಡಿದರೆ ಪ್ರಶ್ನೆಯಾಗದೆ ಹೇಳಿಕೆಯಾಗುತ್ತದೆ. ‘ನೀನು ಆಟಕ್ಕೆ ಬರ್ತೀಯಾ?’ ಎಂದು ಕೇಳಲು ಹೋಗಿ ‘ನೀನು ಆಟಕ್ಕೆ ಬರ್ತೀಯ’ ಎಂದು ಅಪ್ಪಣೆ ಮಾಡಿದ ಹಾಗೆ. ಹುಡುಗರಿಗೆ ನಾಚಿಕೆ, ಮುಖ ಆಡಿಸಲು ಒಪ್ಪುತ್ತಿರಲಿಲ್ಲ. ಹುಬ್ಬು ಮಾತ್ರ ಕಾಣುವ ಹಾಗೆ ಪುಸ್ತಕ ಅಡ್ಡ ಹಿಡಿದು ‘ಪ್ರಶ್ನೆಯೋ ಅಲ್ಲವೋ ಹೇಳಿ’ ಎಂಬ ಆಟ ಆಡಿಸಿದ ಮೇಲೆ ನಾಚಿಕೆ ಬಿಟ್ಟರು.

ಅವಳ ಪಟ್ಟಿ

ಮೂರನೇ ವಾರಕ್ಕೆ ಯಾವ ಪದ ಕಲಿಸಬೇಕು ಎಂದು ನಾನು ಕಿವುಡು ಟೀಚರ್‌ನ ಕೇಳಿದೆ. ಅವರು ಗುಳಿಯನ್ನು ಕೇಳಿದರು. ಅವಳು ಸ್ವಲ್ಪವೂ ಯೋಚಿಸದೆ ಹೇಳುತ್ತಾ ಹೋದಳು, ಅವರು ಬರೆದುಕೊಂಡರು. ಪಟ್ಟಿ ಇದು: ಯಾಕೆ ನಗ್ತಿದ್ದೀರಿ. ನನ್ನನ್ನೂ ಸೇರಿಸಿಕೊಳ್ಳಿ. ನನ್ನ ಸರದಿ. ಮೋಸ. ಸುಳ್ಳು. ಔಟ್. ನಾನೇ ಗೆದ್ದೆ. ನಿನ್ನ ಮೇಲೆ ಕೋಪ. ಯಾರು ಹೇಳಿದ್ದು. ಗುಟ್ಟು.

ನನ್ನ ಚಾರ್ಟಿನಲ್ಲಿದ್ದ ಅರವತ್ತರಲ್ಲಿ ಇದರಲ್ಲಿನ ಒಂದು ಪದವೂ ಇರಲಿಲ್ಲ. ನಾನು ಕೊಟ್ಟಿದ್ದು ಟೀಚರ್ ಮಕ್ಕಳಿಗೆ ಕಲಿಸುವ ಪದ. ಅವಳು ಕೇಳಿದ್ದು ಮಕ್ಕಳು ಮಕ್ಕಳ ಜೊತೆ ಬಳಸುವ ಪದ. ಜೂಟಾಟದಲ್ಲಿ ‘ಔಟ್’, ‘ಮೋಸ’ ಇಲ್ಲದೆ ಎರಡು ನಿಮಿಷ ಆಡಲು ಆಗುತ್ತದಾ?

‘ಯಾಕೆ ನಗ್ತಿದ್ದೀರಿ’ ಪಟ್ಟಿಯಲ್ಲಿ ಮೊದಲು ಬಂದದ್ದು ನನ್ನನ್ನು ತುಂಬಾ ದಿನ ಕಾಡಿತು. ಕ್ಲಾಸಲ್ಲಿ ಯಾರೋ ಏನೋ ಅನ್ನುತ್ತಾರೆ, 34 ಮಕ್ಕಳು ನಗುತ್ತಾರೆ, ಇವಳೂ ನಗುತ್ತಾಳೆ. ಕಾರಣ ಗೊತ್ತಿಲ್ಲದೆ. ಕೆಲವು ಸಲ ತನ್ನನ್ನೇ ನೋಡಿ ನಕ್ಕರಾ ಅಂತ ಅನುಮಾನ. ಅದಕ್ಕೆ ಒಂದು ಕೆಲಸ ಮಾಡಿದೆವು: ಕ್ಲಾಸು ನಕ್ಕಾಗಲೆಲ್ಲ, ಅವಳ ಅಕ್ಕಪಕ್ಕದಲ್ಲಿ ಇರುವವರು ಯಾರು ಅಂದರು ಎಂದು ಕೈ ತೋರಿಸಿ, ಏನಂದರು ಎಂದು ಹೇಳಲೇಬೇಕು, ತೊದಲಿದರೂ ಪರವಾಗಿಲ್ಲ. ಜೋಕು ಸನ್ನೆಯಲ್ಲಿ ಅರ್ಧ ಸತ್ತಿರುತ್ತಿತ್ತು. ಅವಳು ‘ಇದಕ್ಕೆ ನಕ್ಕಿರಾ?’ ಎಂಬಂತೆ ಮುಖ ಮಾಡುತ್ತಿದ್ದಳು. ಅದನ್ನು ನೋಡಿ ಮತ್ತೆ ಎಲ್ಲರೂ ನಗುತ್ತಿದ್ದರು, ಈ ಸಲ ಅವಳಿಗೆ ಕಾರಣ ಗೊತ್ತಿತ್ತು.

ಸನ್ನೆ ಹೆಸರಿನ ವಿಷಯವೂ ಈ ವಾರದ್ದೇ. ಬೆರಳಕ್ಷರದಲ್ಲಿ 34 ಹೆಸರು ತೋರಿಸುವುದು ನಡೆಯುವ ಮಾತಲ್ಲ. ಮಕ್ಕಳು ತಾವೇ ತಮಗೆ ಹೆಸರಿಟ್ಟುಕೊಳ್ಳಲು ಶುರುಮಾಡಿದ್ದರು, ಸಿಂಹ, ಸ್ಟಾರ್, ರಾಜ ಅಂತ. ಟೀಚರ್ ನಿಲ್ಲಿಸಿದರು. ಸನ್ನೆ ಹೆಸರನ್ನು ಕಿವುಡರು ಕೊಡುತ್ತಾರೆ, ನಾವೇ ಇಟ್ಟುಕೊಳ್ಳುವುದಲ್ಲ. ಹಾಗಾಗಿ ಗುಳಿಯೇ ಕೊಟ್ಟಳು, ಒಂದು ದಿನದಲ್ಲಿ ಅಲ್ಲ, ಒಂದು ತಿಂಗಳಲ್ಲಿ. ಯಾರು ಜೊತೆಗೆ ಆಡಿದರೋ ಅವರಿಗೆ ಮೊದಲು. ‘ನಂಗೆ ಇನ್ನೂ ಹೆಸರು ಸಿಕ್ಕಿಲ್ಲ ಮಿಸ್’ ಎಂದು ದೂರು ಹೇಳಿದವರು ಬಹಳ ಮಂದಿ. ನನಗೆ ಸಿಕ್ಕ ಹೆಸರು, ಮೂಗಿನಿಂದ ಜಾರುವ ಕನ್ನಡಕವನ್ನು ಒಂದೇ ಬೆರಳಲ್ಲಿ ಮೇಲೆ ತಳ್ಳುವುದು. ನಾನು ಹಾಗೆ ಮಾಡುತ್ತೇನೆ ಎಂದು ಅಲ್ಲಿವರೆಗೆ ನನಗೇ ಗೊತ್ತಿರಲಿಲ್ಲ.

ಕೈ ಎಲ್ಲಿ ಕೆಡುತ್ತದೆ

ಪದ ಕಲಿತ ಮೇಲೂ ಗುಳಿಗೆ ಅರ್ಥವಾಗದ ಸನ್ನೆಗಳು ಬಹಳ ಇದ್ದವು. ಅದಕ್ಕೆ ಕಾರಣ ಹುಡುಕಲು ಒಂದು ಆಟ ಆಡಿಸಿದೆವು. ಎಂಟು ಮಕ್ಕಳು ಒಬ್ಬರ ಹಿಂದೆ ಒಬ್ಬರು, ಎಲ್ಲರೂ ಒಂದೇ ಕಡೆ ಮುಖ. ಕೊನೆಯವನು ಮುಂದಿನವನ ಭುಜ ತಟ್ಟಿ ತಿರುಗಿಸಿ ಒಂದು ಸನ್ನೆ ತೋರಿಸುತ್ತಾನೆ, ಅವನು ತನ್ನ ಮುಂದಿನವನಿಗೆ. ಎಂಟನೆಯವರ ಹತ್ತಿರ ಬರುವಷ್ಟರಲ್ಲಿ ಅದು ಬೇರೆ ಏನೋ ಆಗಿರುತ್ತದೆ. ಪಕ್ಕದಲ್ಲಿ ನಿಂತು ನೋಡುವ ಗುಳಿ ಎಲ್ಲಿ ಕೆಟ್ಟಿತು ಎಂದು ಹೇಳಬೇಕು.

ಕೆಡುತ್ತಿದ್ದದ್ದು ಹೆಚ್ಚಾಗಿ ಬೆರಳಲ್ಲ, ಜಾಗ. ಸನ್ನೆ ಅಂದರೆ ಬರೀ ಕೈಯ ಆಕಾರ ಅಂತ ಮಕ್ಕಳು ಅಂದುಕೊಂಡಿದ್ದರು. ವಿಲಿಯಂ ಸ್ಟೋಕಿ ಎಂಬ ಭಾಷಾ ವಿದ್ವಾಂಸ 1960ರಲ್ಲಿ ಅಮೆರಿಕನ್ ಸನ್ನೆ ಭಾಷೆಯನ್ನು ಬಿಡಿಸಿ ನೋಡಿ, ಪ್ರತಿ ಸನ್ನೆಯಲ್ಲೂ ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ ಹೀಗೆ ಮೂರು ಭಾಗ ಇವೆ ಎಂದು ತೋರಿಸಿದರು. ಅಂಗೈ ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನು ಆಮೇಲೆ ಬೇರೆಯವರು ಸೇರಿಸಿದರು. ಇವುಗಳಲ್ಲಿ ಒಂದು ಬದಲಾದರೂ ಪದ ಬದಲಾಗುತ್ತದೆ, ನಮ್ಮ ‘ಮರ’ ಹೋಗಿ ‘ಬರ’ ಆದ ಹಾಗೆ. ಅಮೆರಿಕನ್ ಸನ್ನೆ ಭಾಷೆಯಲ್ಲಿ ತೋರುಬೆರಳನ್ನು ಅಡ್ಡಕ್ಕೆ ಎಳೆಯುತ್ತಾ ಮಡಚುವ ಒಂದು ಸನ್ನೆ ಇದೆ. ಹಣೆಯ ಮೇಲೆ ಮಾಡಿದರೆ ಬೇಸಿಗೆ, ಮೂಗಿನ ಹತ್ತಿರ ಮಾಡಿದರೆ ಕುರೂಪ, ಗಲ್ಲದ ಮೇಲೆ ಮಾಡಿದರೆ ಒಣಗಿದ್ದು. ಕೈ ನಾಲ್ಕು ಬೆರಳು ಕೆಳಗಿಳಿದರೆ ಬೇಸಿಗೆ ಹೋಗಿ ಬೈಗುಳ ಆಗುತ್ತದೆ!

ಮಕ್ಕಳು ಸನ್ನೆಗಳನ್ನೆಲ್ಲ ಎದೆಯ ಮುಂದೆ, ಒಂದೇ ಮಟ್ಟದಲ್ಲಿ, ಗಡಿಬಿಡಿಯಲ್ಲಿ ಮಾಡುತ್ತಿದ್ದರು. ಈ ಆಟ ಆದ ಮೇಲೆ ಹೊಸ ಸನ್ನೆ ಬಂದಾಗ ತಾವೇ ‘ಎಲ್ಲಿ?’ ಎಂದು ಕೇಳಲು ಶುರುಮಾಡಿದರು. ದಿನಕ್ಕೆ ಮೂರು ಸನ್ನೆಗಿಂತ ಜಾಸ್ತಿ ಕಲಿಸದೆ ಇದ್ದದ್ದು ಇದಕ್ಕೇ.

ಗೆಳತಿ ದುಭಾಷಿ ಆದಾಗ

ಎರಡೂವರೆ ತಿಂಗಳಲ್ಲಿ ಒಂದು ಹುಡುಗಿ ಉಳಿದವರಿಗಿಂತ ತುಂಬಾ ಮುಂದೆ ಹೋದಳು. ಗುಳಿಯ ಪಕ್ಕದಲ್ಲೇ ಕೂರುತ್ತಿದ್ದಳು. ನಮಗೆಲ್ಲ ಅನುಕೂಲ ಆಯಿತು, ಅಲ್ಲೇ ತಪ್ಪಾಗಿದ್ದು. ‘ಅವಳಿಗೆ ಹೇಳು, ಹೋಂವರ್ಕ್ ತರಲಿ.’ ‘ಅವಳನ್ನ ಕೇಳು, ಬರ್ತಾಳಾ?’ ಮಕ್ಕಳು ಗುಳಿಯ ಕಡೆ ನೋಡುವುದನ್ನೇ ಬಿಟ್ಟು ಗೆಳತಿಯ ಕಡೆ ನೋಡಿ ಮಾತಾಡತೊಡಗಿದರು. ನಾನೂ ಶುರುಮಾಡಿದೆ. ವಿಜ್ಞಾನದ ಪಾಠವನ್ನೇ ಆ ಒಂಬತ್ತು ವರ್ಷದ ಹುಡುಗಿ ಸನ್ನೆಯಲ್ಲಿ ಹೇಳುತ್ತಿದ್ದಳು, ತನಗೆ ಅರ್ಥ ಆದಷ್ಟು.

ಗೊತ್ತಾಗಿದ್ದು ಎರಡು ಕಡೆಯಿಂದ. ಗೆಳತಿಯ ಅಮ್ಮ ಬಂದು ‘ಮಗಳು ಕ್ಲಾಸಲ್ಲಿ ನೋಟ್ಸ್ ಬರೀತಾನೇ ಇಲ್ಲ’ ಅಂದರು. ಗುಳಿಯ ಉತ್ತರ ಪತ್ರಿಕೆಯಲ್ಲಿ ಆವಿ ಆಗುವುದು, ಕುದಿಯುವುದು ಎರಡೂ ಒಂದೇ ಆಗಿತ್ತು, ಯಾಕೆಂದರೆ ಗೆಳತಿ ಎರಡಕ್ಕೂ ಒಂದೇ ಸನ್ನೆ ಮಾಡಿದ್ದಳು.

ಮಕ್ಕಳು ಕಲಿಯುವ ಸನ್ನೆ ಆಟಕ್ಕೆ, ಸ್ನೇಹಕ್ಕೆ, ಗುಂಪು ಕೆಲಸಕ್ಕೆ. ಪಾಠ ತಲುಪಿಸುವುದು ದೊಡ್ಡವರ ಕೆಲಸ, ಅದಕ್ಕೆ ಕಲಿತ ದುಭಾಷಿ ಬೇಕು, ಅಥವಾ ಸನ್ನೆ ಬಲ್ಲ ಟೀಚರ್ ಬೇಕು. ನಮಗೆ ಸಿಕ್ಕಿದ್ದು ವಾರಕ್ಕೆ ಎರಡು ದಿನ. ಉಳಿದ ದಿನ ಪಾಠವನ್ನು ಮೊದಲೇ ಬರೆದು, ಚಿತ್ರದ ಜೊತೆ ಕೈಗೆ ಕೊಡುತ್ತಿದ್ದೆ. ಸಾಲುತ್ತಿತ್ತು ಅಂತ ಹೇಳಲಾರೆ. ಗೆಳತಿಯ ಜಾಗ ಮಾತ್ರ ಬದಲಾಯಿಸಲಿಲ್ಲ, ಅವರಿಬ್ಬರ ಸ್ನೇಹಕ್ಕೆ ನಾನ್ಯಾಕೆ ಅಡ್ಡ ಬರಲಿ? ಬದಲಿಗೆ ನಿಯಮ ಮಾಡಿದೆ: ‘ಅವಳಿಗೆ ಹೇಳು’ ಅನ್ನುವವರಿಗೆ ಗೆಳತಿ ಉತ್ತರ ಕೊಡದೆ ಗುಳಿಯ ಕಡೆ ಕೈ ತೋರಿಸಬೇಕು. ಆ ಹುಡುಗಿಗೆ ಇದರಿಂದ ಎಷ್ಟು ಹಗುರಾಯಿತು ಎಂದರೆ, ಅದೇ ದಿನ ಇಂಟರ್ವಲ್‌ನಲ್ಲಿ ಬೇರೆ ಗುಂಪಿನ ಜೊತೆ ಆಡಲು ಹೋದಳು.

ಗುಳಿಗೂ ಸುಸ್ತಾಗುತ್ತಿತ್ತು. ದಿನವಿಡೀ ಕಣ್ಣಿಟ್ಟು ನೋಡುವುದು, ಜೊತೆಗೆ 34 ಮಕ್ಕಳ ಸನ್ನೆ ತಿದ್ದುವುದು. ಒಂದು ದಿನ ಹತ್ತು ನಿಮಿಷದ ಪಾಠದಲ್ಲಿ ಕಣ್ಣು ಮುಚ್ಚಿ ಕೂತುಬಿಟ್ಟಳು. ಕಿವುಡು ಮಗು ಕಣ್ಣು ಮುಚ್ಚಿತು ಎಂದರೆ ಕೋಣೆಯ ಬಾಗಿಲು ಹಾಕಿಕೊಂಡ ಹಾಗೆ. ಅಂದಿನಿಂದ ವಾರಕ್ಕೆ ಎರಡು ದಿನ ಪಾಠಕ್ಕೆ ಅವಳು ಬರಬೇಕಾಗಿಲ್ಲ ಎಂದು ಮಾಡಿದೆವು. ಆ ಹೊತ್ತು ಚಿತ್ರ ಬರೆಯುತ್ತಿದ್ದಳು.

ಮತ್ತೆ ನೋಟ್‌ಬುಕ್

ಹೊಸ ರೀತಿ ಶುರುಮಾಡಿ ಮೂರು ತಿಂಗಳಾದ ಮೇಲೆ ಮತ್ತೆ ಐದು ದಿನ ಎಣಿಸಿದೆ. ಬೇರೆಯವರು ಶುರುಮಾಡಿದ್ದು 23 ಸಲ, ಅಂದರೆ ಅರವತ್ತು ಪದದ ಕಾಲಕ್ಕಿಂತ ಕಮ್ಮಿ. ಆದರೆ ಅದರಲ್ಲಿ 9 ಮಾತುಕತೆ ಆರು ಸಲಕ್ಕಿಂತ ಹೆಚ್ಚು ಆ ಕಡೆ ಈ ಕಡೆ ಹೋಗಿ ಬಂದಿದ್ದವು. ಅದಕ್ಕಿಂತ ಮುಖ್ಯ, ಗುಳಿ ತಾನಾಗಿ ಶುರುಮಾಡಿದ್ದು 14 ಸಲ. ಹಿಂದಿನ ಎರಡೂ ಸಲ ಈ ಕಾಲಂ ನಾನು ಹಾಕಿಯೇ ಇರಲಿಲ್ಲ. ಅವಳು ಶುರುಮಾಡಬಹುದು ಅನ್ನುವುದೇ ನನ್ನ ತಲೆಗೆ ಬಂದಿರಲಿಲ್ಲ.

ಎಲ್ಲರೂ ಕಲಿತರು ಅಂತಲ್ಲ. ಹನ್ನೆರಡು ಹದಿಮೂರು ಮಕ್ಕಳು ಸರಾಗವಾಗಿ ಹರಟುತ್ತಿದ್ದರು. ಉಳಿದವರಿಗೆ ಕರೆಯುವುದು, ಕಾಯುವುದು, ಮತ್ತೊಮ್ಮೆ ಕೇಳುವುದು ಬರುತ್ತಿತ್ತು. ನಾಲ್ಕೈದು ಜನಕ್ಕೆ ಆಸಕ್ತಿಯೇ ಇರಲಿಲ್ಲ, ಅವರನ್ನು ಬಲವಂತ ಮಾಡಲಿಲ್ಲ. ಮತ್ತೆ, ಇದು ಕೆಲಸ ಮಾಡಿದ್ದು ಗುಳಿಗೆ ಮೊದಲೇ ಸನ್ನೆ ಭಾಷೆ ಬರುತ್ತಿದ್ದರಿಂದ. ಯಾವ ಭಾಷೆಯೂ ಸರಿಯಾಗಿ ಸಿಗದೆ ಶಾಲೆಗೆ ಬರುವ ಕಿವುಡು ಮಗುವಿಗೆ ಸಹಪಾಠಿಗಳ ಹತ್ತು ನಿಮಿಷ ಭಾಷೆ ಕೊಡಲಾರದು. ಆ ಮಗುವಿಗೆ ಮೊದಲು ಬೇಕಾದದ್ದು ಸನ್ನೆ ಬಲ್ಲ ದೊಡ್ಡವರು ಮತ್ತು ಇತರ ಕಿವುಡು ಮಕ್ಕಳು.

ವರ್ಷದ ಕೊನೆಯ ಗಣಿತ ಪರೀಕ್ಷೆಯಲ್ಲಿ ಕ್ಲಾಸು ಪೂರ್ತಿ ನಿಶ್ಶಬ್ದ. ನಾನು ಒಂದು ಕಡೆಯಿಂದ ಇನ್ನೊಂದು ಕಡೆ ನಡೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ, ಅದೇ, ಮೂರು ಸಲ ಹೆಸರು ಕೇಳಿದವನು, ಮೇಜಿನ ಕೆಳಗೆ ಕೈ ಆಡಿಸುತ್ತಿದ್ದ. ನಾಲ್ಕು ಬೆಂಚು ಆಚೆ ಗುಳಿ ಅವನ ಕಡೆ ಕಣ್ಣಿಟ್ಟು, ‘ಮತ್ತೊಮ್ಮೆ, ನಿಧಾನ’ ಅಂದಳು. ಅವನು ಏಳನೇ ಲೆಕ್ಕದ ಉತ್ತರವನ್ನು ಇನ್ನೊಂದು ಸಲ, ನಿಧಾನವಾಗಿ, ಸರಿಯಾದ ಜಾಗದಲ್ಲಿ ತೋರಿಸಿದ. ಇಬ್ಬರಿಗೂ ಎರಡೆರಡು ಅಂಕ ಕಳೆದೆ. ಗುಳಿ ಎದ್ದು ಬಂದು ನನ್ನ ಮುಂದೆ ನಿಂತು, ಹುಬ್ಬು ಗಂಟಿಕ್ಕಿ, ತನ್ನ ಪಟ್ಟಿಯಲ್ಲಿದ್ದ ಒಂದು ಸನ್ನೆ ಮಾಡಿದಳು. ಮೋಸ.